ರಾತ್ರಿ ಮಲಗಿ ಯೋಗನಿದ್ರೆ, ಪಿಎಂಆರ್: ಆಡಿಯೊ ಮುಗಿದ ಕೂಡಲೇ ಎಚ್ಚರ, ಇನ್ನೊಂದರಲ್ಲಿ ಮೀನಖಂಡ ಹಿಡಿತ. ಎಲ್ಲಿ ತಪ್ಪುತ್ತಿದೆ?

ನಿದ್ದೆಗೆ_ಅರ್ಜಿ
ರಾತ್ರಿ 10:45ಕ್ಕೆ ಹಾಸಿಗೆಗೆ ಹೋಗ್ತೀನಿ. ಮೊಬೈಲಲ್ಲಿ 30 ನಿಮಿಷದ ಒಂದು ಯೋಗನಿದ್ರೆ ಆಡಿಯೊ ಹಾಕಿಕೊಂಡು ಅಂಗಾತ ಮಲಗ್ತೀನಿ. ಬಲಗೈ, ಎಡಗೈ ಅಂತ ಹೇಳಿಸಿಕೊಳ್ಳುವಾಗ ತೂಕಡಿಕೆ ಬರುತ್ತೆ. ಕೊನೆಗೆ "ನಿಧಾನವಾಗಿ ಬೆರಳುಗಳನ್ನು ಅಲ್ಲಾಡಿಸಿ, ಎದ್ದು ಕುಳಿತುಕೊಳ್ಳಿ" ಅಂತಾರಲ್ಲ, ಅಲ್ಲಿಗೆ ಕಣ್ಣು ಪೂರ್ತಿ ಬಿಟ್ಟುಕೊಳ್ಳುತ್ತೆ. ಆಮೇಲೆ 1 ಗಂಟೆಯಾದರೂ ನಿದ್ದೆ ಇಲ್ಲ. ಅದಕ್ಕೇ ಪ್ರೋಗ್ರೆಸಿವ್ ಮಸಲ್ ರಿಲ್ಯಾಕ್ಸೇಶನ್, ಅಂದರೆ ಒಂದೊಂದೇ ಸ್ನಾಯುವನ್ನು ಬಿಗಿ ಹಿಡಿದು ಸಡಿಲ ಬಿಡುವ ಪಿಎಂಆರ್ ಶುರು ಮಾಡಿದೆ. ಕಾಲಿನ ಸರದಿ ಬಂದಾಗ ಎಡಗಡೆ ಮೀನಖಂಡ ಹಿಡ್ಕೊಂಡು ಎದ್ದು ಕೂರಬೇಕಾಯಿತು, ಎರಡು ರಾತ್ರಿ ಹೀಗೇ. ಎರಡರಲ್ಲಿ ಯಾವುದನ್ನು ಮಾಡಲಿ? ಮಲಗಿ ಮಾಡುವ ಸರಿಯಾದ ಕ್ರಮ ಹೇಗೆ?

ಸುಬ್ಬಣ್ಣ_ಪುತ್ತೂರು
ಯೋಗನಿದ್ರೆಯಲ್ಲಿ ನಿದ್ದೆ ಮಾಡಲೇಬಾರದು ಮಾರಾಯ್ರೆ, ಅದೇ ಮೊದಲ ನಿಯಮ. ನೀವು ತೂಕಡಿಸುವುದೇ ತಪ್ಪು. ಸರಿಯಾಗಿ ಒಂದು ಗಂಟೆ ಮಾಡಿದರೆ ನಾಲ್ಕು ಗಂಟೆ ನಿದ್ದೆಗೆ ಸಮ, ಮತ್ತೆ ನಿದ್ದೆಯ ಚಿಂತೆ ಯಾಕೆ? ಅಲ್ಲದೆ ನೀವು ಹೇಳಿದ ಆ ಪಿಎಂಆರ್ ಅಂದರೆ ನಮ್ಮ ಯೋಗನಿದ್ರೆಯನ್ನೇ ಅಮೆರಿಕದವರು ಹೆಸರು ಬದಲಿಸಿ ಮಾರುತ್ತಿರುವುದು.

ಶವಾಸನ_ಟೀಚರ್
ಸುಬ್ಬಣ್ಣನವರೇ, ಅರ್ಧ ಸರಿ. ಎಚ್ಚರವಾಗಿ ಇರಬೇಕು ಅನ್ನುವುದು ಬಿಹಾರದ ಮುಂಗೇರ್ ಪರಂಪರೆಯ ನಿಯಮವೇ ಹೌದು, ಅಲ್ಲಿ "ನಿದ್ದೆ ಮಾಡುವುದಿಲ್ಲ" ಎಂದು ಮನಸ್ಸಿನಲ್ಲೇ ಹೇಳಿಕೊಂಡು ಶುರು ಮಾಡಿಸುತ್ತಾರೆ. ಆದರೆ ಅದು ಹಗಲಿನ ಅಭ್ಯಾಸಕ್ಕೆ. ನಿದ್ದೆಗೆಂದೇ ಹಾಸಿಗೆಯಲ್ಲಿ ಮಾಡುವವರು ಆ ವಾಕ್ಯವನ್ನೇ ಕೈಬಿಡಬೇಕು. ಇಲ್ಲದಿದ್ದರೆ ಒಂದು ಕಡೆ ಮಲಗು, ಇನ್ನೊಂದು ಕಡೆ ಮಲಗಬೇಡ ಅಂತ ನಾವೇ ಹೇಳಿದಂತೆ. ಒಂದು ಗಂಟೆ ನಾಲ್ಕು ಗಂಟೆಗೆ ಸಮ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಅದನ್ನು ನಂಬಿ ನಿದ್ದೆ ಕಡಿಮೆ ಮಾಡಿಕೊಳ್ಳಬೇಡಿ. ವಿಶ್ರಾಂತಿ ಬೇರೆ, ನಿದ್ದೆ ಬೇರೆ.

ಪಿಎಂಆರ್ ಕದ್ದ ಮಾಲು ಅನ್ನುವುದು ಸರಿಯಲ್ಲ. ಎಡ್ಮಂಡ್ ಜೇಕಬ್‌ಸನ್ ಅನ್ನುವ ಅಮೆರಿಕದ ವೈದ್ಯರು ತಮ್ಮ ವಿಧಾನದ ಪುಸ್ತಕವನ್ನು 1929ರಲ್ಲೇ ಪ್ರಕಟಿಸಿದ್ದರು. ಸ್ವಾಮಿ ಸತ್ಯಾನಂದ ಸರಸ್ವತಿಯವರು ಅಂಗಾಂಗಗಳಲ್ಲಿ ಮಂತ್ರ ಇರಿಸುವ ತಂತ್ರದ ನ್ಯಾಸವನ್ನು ಹಿಡಿದು ಈಗ ನಾವು ಮಾಡುವ ಯೋಗನಿದ್ರೆಯ ಕ್ರಮ ಕಟ್ಟಿದ್ದು ಆಮೇಲೆ. ಜೇಕಬ್‌ಸನ್‌ರಲ್ಲಿ ಸ್ನಾಯುವನ್ನು ನಿಜಕ್ಕೂ ಬಿಗಿ ಹಿಡಿಯಬೇಕು, ಯೋಗನಿದ್ರೆಯಲ್ಲಿ ಬೆರಳನ್ನೂ ಅಲ್ಲಾಡಿಸುವಂತಿಲ್ಲ. ನಡೆಯುವ ದಾರಿಯೇ ಬೇರೆ.

ಅರ್ಜಿ ಅವರೇ, ಆಡಿಯೊ ವಿಷಯ ಸುಲಭ. ಅದು ತರಗತಿಗೆ ಮಾಡಿದ್ದು. ತರಗತಿ ಮುಗಿದ ಮೇಲೆ ಜನ ಎದ್ದು ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕು, ಅದಕ್ಕೇ ಕೊನೆಯ ಎರಡು ಮೂರು ನಿಮಿಷ ಎಚ್ಚರಿಸುವುದೇ ಕೆಲಸ. ನಿಮಗೆ ಆ ಭಾಗ ಬೇಡ.

ಫಿಸಿಯೋ_ಗದಗ
ಮೀನಖಂಡದ್ದು ನಾ ಹೇಳ್ತೀನ್ರಿ. ಕಾಲಿನ ಸರದಿ ಬಂದಾಗ ಪಾದದ ತುದಿ ಕೆಳಗ ಚಾಚೀರಿ ಅಲ್ಲ? ಬ್ಯಾಲೆ ಮಾಡೋರ ಗತೆ? ಹಂಗ ಚಾಚಿದರ ಮೀನಖಂಡ ತನ್ನ ಅತಿ ಗಿಡ್ಡ ಉದ್ದಕ್ಕ ಬರ್ತದ, ಆ ಸ್ಥಿತಿಯೊಳಗ ಮತ್ತ ಜೋರು ಹಾಕಿದರ ಹಿಡ್ಕೊಳ್ಳದ ಇನ್ನೇನು ಮಾಡೀತು. ಇಡೀ ದಿನ ನಿಂತು ಕೆಲಸ ಮಾಡೋರಿಗೆ, ನೀರು ಕಡಿಮಿ ಕುಡಿಯೋರಿಗೆ ಇನ್ನೂ ಬೇಗ.

ಉಲ್ಟಾ ಮಾಡ್ರಿ. ಹಿಮ್ಮಡಿ ಹಾಸಿಗಿ ಮ್ಯಾಲೇ ಇರಲಿ, ಪಾದದ ಬೆರಳು ನಿಮ್ಮ ಮುಖದ ಕಡೆ ಎಳಕೊಳ್ರಿ. ಆಗ ಬಿಗಿಯಾಗೋದು ಮೊಣಕಾಲ ಕೆಳಗಿನ ಮುಂದಿನ ಸ್ನಾಯು, ಮೀನಖಂಡ ಬರೇ ಹಿಗ್ಗತದ. ಜೋರು ಅರ್ಧಕ್ಕ ಇಳಸ್ರಿ, 5 ಸೆಕೆಂಡು ಸಾಕು. ಅಷ್ಟಾದರೂ ಹಿಡಕೊಂಡರ ಎದ್ದು ಕೂಡೋದು ಬ್ಯಾಡ, ಮಂಡಿ ನೆಟ್ಟಗ ಮಾಡಿ ಪಾದ ಹಂಗೇ ಮುಖದ ಕಡೆ ಎಳೀರಿ, ಬಿಡತದ. ಅವತ್ತಿನ ರಾತ್ರಿಗೆ ಕಾಲು ಬಿಟ್ಟು ಉಳಿದದ್ದು ಮಾಡ್ರಿ.

ಕುತ್ತಿಗೆ_ನೋವು_ಮೈಸೂರು
ನನ್ನದೂ ಸೇರಿಸಿಕೊಳ್ಳಿ. ಸರ್ವೈಕಲ್ ಸ್ಪಾಂಡಿಲೋಸಿಸ್ ಇದೆ. ತಲೆಯನ್ನು ದಿಂಬಿಗೆ ಒತ್ತಿ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು, ಒತ್ತಿದೆ, ಮರುದಿನ ಕುತ್ತಿಗೆ ತಿರುಗಲಿಲ್ಲ. ಯಾವ ದಿಂಬು ತಗೋಬೇಕು? ಮೆಮೊರಿ ಫೋಮ್ ಒಳ್ಳೆಯದಾ?

ಫಿಸಿಯೋ_ಗದಗ
ದಿಂಬಿನ ಪ್ರಶ್ನೆ ಬ್ಯಾರೇರಿ ಮೇಡಂ, ಅದಕ್ಕ ಬ್ಯಾರೆ ಎಳಿ ಹಚ್ರಿ. ಇಲ್ಲಿಗೆ ಬೇಕಾದಷ್ಟು ಹೇಳ್ತೀನಿ: ನೀವು ಕುತ್ತಿಗಿ ಬಿಗಿ ಹಿಡಿಯೋದು ಪೂರ್ತಿ ಬಿಡ್ರಿ. ಭುಜ ಕಿವಿ ಕಡೆ ಒಂದೀಟು ಎತ್ತಿ ಬಿಟ್ಟರ ಸಾಕು. ನೋವಿದ್ದ ಜಾಗ, ಹೊಲಿಗಿ ಹಾಕಿದ ಜಾಗ, ಹರ್ನಿಯಾ ಇದ್ದವರು ಹೊಟ್ಟಿ, ಮೊನ್ನೆ ಮೊನ್ನೆ ಕಣ್ಣಿನ ಆಪರೇಶನ್ ಆದವರು ಕಣ್ಣು, ಇವನ್ನ ಬಿಗಿ ಹಿಡಿಯಂಗಿಲ್ಲ. ಅಲ್ಲಿ ಬರೇ ಗಮನ ಇಟ್ಟು ಮುಂದ ಹೋಗೋದು.

ನಿದ್ದೆಗೆ_ಅರ್ಜಿ
ಥ್ಯಾಂಕ್ಸ್ ಸರ್, ಪಾದ ಚಾಚಿದ್ದು ನಿಜ. ಎಷ್ಟು ಜೋರಾಗಿ, ಎಷ್ಟು ಹೊತ್ತು ಬಿಗಿ ಹಿಡೀಬೇಕು? ನಾನು ನಡುಗುವವರೆಗೆ ಹಿಡೀತಿದ್ದೆ. ಆಮೇಲೆ ಮೆಲ್ಲಗೆ ಬಿಡ್ತಿದ್ದೆ.

ಫಿಸಿಯೋ_ಗದಗ
ಎರಡೂ ತಪ್ಪು ನೋಡ್ರಿ. ಬಲಗೈ ಒಂದನ್ನ ತಗೊಂಡು ಹೇಳ್ತೀನಿ, ಇದು ಕೂತರ ಉಳಿದದ್ದೆಲ್ಲಾ ತಾನ ಬರ್ತದ.

ಅಂಗಾತ ಮಲಗ್ರಿ, ಕೈ ಮೈಯಿಂದ ಒಂದು ಗೇಣು ದೂರ. ಬಲ ಮುಷ್ಟಿ ಕಟ್ರಿ. ಪೂರ್ತಿ ಶಕ್ತಿ ಅಲ್ಲ, ಬಸ್ಸಿನೊಳಗ ಮ್ಯಾಲಿನ ಕಂಬಿ ಹಿಡಿದಷ್ಟು. ಉಗುರು ಅಂಗೈಗೆ ಚುಚ್ಚಿದರ ಜಾಸ್ತಿ ಆತು. ಮಣಿಕಟ್ಟಿನಿಂದ ಮೊಣಕೈ ತನಕ ಮುಂಗೈ ಒಳಗ ಎಳೆತ ಗೊತ್ತಾಗಬೇಕು, ಆದರ ಭುಜ, ದವಡಿ ಸುಮ್ಮನ ಇರಬೇಕು. ಭಾಳ ಮಂದಿ ಮುಷ್ಟಿ ಕಟ್ಟಿದರ ಹಲ್ಲೂ ಕಚ್ತಾರ. ಉಸಿರು ಹಿಡೀಬ್ಯಾಡ್ರಿ. ಬಿಗಿಯೊಳಗ ಉಸಿರು ಕಟ್ಟಿದರ ರಕ್ತದೊತ್ತಡ ಏರತದ, ಬಿಪಿ ಇದ್ದವರಿಗಂತೂ ಇದು ಬ್ಯಾಡೇ ಬ್ಯಾಡ. 5ರಿಂದ 7 ಸೆಕೆಂಡು ಆ ಎಳೆತದ ಮ್ಯಾಲೆ ಗಮನ.

ಈಗ ಬಿಡೋದು. ಮೆಲ್ಲಗ ಅಲ್ಲ, ಒಮ್ಮೆಗೇ. ಲೈಟಿನ ಸ್ವಿಚ್ ಆರಿಸಿದಂಗ. ಮೆಲ್ಲಗ ಬಿಟ್ಟರ ಬಿಡೋವಾಗೂ ಸ್ನಾಯು ಕೆಲಸ ಮಾಡ್ತಿರ್ತದ, ಬಿಗಿ ಮತ್ತ ಸಡಿಲ ನಡುವಿನ ಫರಕು ಮೆದುಳಿಗೆ ಸಿಗಂಗಿಲ್ಲ. ಆ ಫರಕು ಗುರುತಿಸೋದ ಈ ವಿದ್ಯೆ. ಬಿಟ್ಟ ಮ್ಯಾಲೆ 30ರಿಂದ 40 ಸೆಕೆಂಡು ಏನೂ ಮಾಡಬ್ಯಾಡ್ರಿ. ಉಂಗುರ ಬೆರಳು, ಕಿರುಬೆರಳು ನೋಡ್ರಿ, ಇನ್ನೂ ಒಳಗ ಮಡಚಿಕೊಂಡಿರ್ತಾವ. ಅದ ಉಳಿದ ಬಿಗಿ. ಜೇಕಬ್‌ಸನ್ನರು ತಲಿ ಕೆಡಿಸಿಕೊಂಡಿದ್ದು ಅದರ ಮ್ಯಾಲ. ಕೈಯಿಂದ ಬಿಡಿಸಬ್ಯಾಡ್ರಿ, ಗಮನ ಇಟ್ಟರ ಸಾಕು, ತಾವ ಬಿಚ್ಚತಾವ. ಆಮ್ಯಾಲೆ ಅದ ಕೈ ಇನ್ನೊಂದು ಸಲ.

ಪರೀಕ್ಷೆ ಬೇಕಂದರ ಮನಿಯವರಿಗೆ ಹೇಳ್ರಿ, ಮಣಿಕಟ್ಟನ್ನ ಎರಡು ಬೆರಳಿನಿಂದ ನಾಲ್ಕು ಇಂಚು ಎತ್ತಿ ಬಿಡಲಿ. ದೊಪ್ಪಂತ ಬಿದ್ದರ ಸಡಿಲ ಆಗೇದ. ಗಾಳಿಯೊಳಗ ನಿಂತರ, ಇಲ್ಲಾ ನೀವ ಮೆಲ್ಲಕ ಇಳಿಸಿದರ, ಆಗಿಲ್ಲ. ಮಂದಿ "ನಾ ಬಿಟ್ಟೀನ್ರಿ" ಅಂತಾರ, ಕೈ ಮಾತ್ರ ಗಾಳಿಯೊಳಗ ಇರ್ತದ!

ಸುಬ್ಬಣ್ಣ_ಪುತ್ತೂರು
ಇದನ್ನು ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಒಂದೆರಡು ನಿಮಿಷದಲ್ಲಿ ಮಾಡಿಸುತ್ತಾರೆ. ಕಾಲು ಬೆರಳಿನಿಂದ ಶುರು ಮಾಡಿ ಮೇಲಕ್ಕೆ ಒಂದೊಂದಾಗಿ ಬಿಗಿ ಮಾಡುತ್ತಾ ಹೋಗಿ, ಮುಖದವರೆಗೆ ಬಂದು ಒಟ್ಟಿಗೆ ಬಿಡುವುದು. ಅದನ್ನೇ ಮಾಡಿ ಮಲಗಿ, ಇಷ್ಟೆಲ್ಲ ಯಾಕೆ.

ಶವಾಸನ_ಟೀಚರ್
ಅದು ಅವರ ಐಆರ್‌ಟಿ, ಅಂದರೆ ಇನ್‌ಸ್ಟಂಟ್ ರಿಲ್ಯಾಕ್ಸೇಶನ್ ಟೆಕ್ನಿಕ್. ಆಸನಗಳ ನಡುವೆ ಬೇಗ ಸಡಿಲಾಗಲು ತುಂಬ ಚೆನ್ನಾಗಿದೆ, ನಾನೂ ಮಾಡಿಸುತ್ತೇನೆ. ಆದರೆ ಇಡೀ ಮೈ ಒಟ್ಟಿಗೆ ಬಿಗಿ, ಒಟ್ಟಿಗೆ ಸಡಿಲ. ಭುಜ ಹೇಗಿತ್ತು, ದವಡೆ ಹೇಗಿತ್ತು ಅಂತ ಒಂದೊಂದನ್ನೇ ಗುರುತಿಸುವುದಕ್ಕೆ ಅಲ್ಲಿ ಪುರುಸೊತ್ತಿಲ್ಲ. ಮಾಡಿದ ಕೂಡಲೇ ಮೈ ಬಿಸಿಯಾಗಿ ಸ್ವಲ್ಪ ಚುರುಕೂ ಆಗುತ್ತದೆ. ದಿಂಬಿನ ಮೇಲೆ ತಲೆ ಇಟ್ಟ ಮೇಲೆ ಅದು ಬೇಕೆನಿಸುವುದಿಲ್ಲ. ಅವರದ್ದೇ ಡಿಆರ್‌ಟಿ, ಅಂದರೆ ಡೀಪ್ ರಿಲ್ಯಾಕ್ಸೇಶನ್ ಟೆಕ್ನಿಕ್ ಇದೆ, ಅದು ನಿಧಾನದ್ದು, ರಾತ್ರಿಗೆ ಅದು ಹತ್ತಿರ.

ನಿದ್ದೆಗೆ_ಅರ್ಜಿ
ಹಾಗಾದರೆ ಇಡೀ ದೇಹಕ್ಕೆ ಎಷ್ಟು ಹೊತ್ತು ಬೇಕಾಗುತ್ತೆ? ಒಂದೊಂದು ಜಾಗಕ್ಕೆ ಎರಡು ಸಲ ಸೇರಿ ಒಂದೂವರೆ ನಿಮಿಷ ಅಂದರೆ ಬೆಳಗಾಗುತ್ತಲ್ಲ.

ಫಿಸಿಯೋ_ಗದಗ
ಲೆಕ್ಕ ಹಾಕೋಣ. 1973ರಾಗ ಬರ್ನ್‌ಸ್ಟೀನ್, ಬೋರ್ಕೊವೆಕ್ ಅಂಬವರು ಜೇಕಬ್‌ಸನ್ನರ ಉದ್ದ ವಿಧಾನ ಕತ್ತರಿಸಿ ಸ್ನಾಯುಗಳ 16 ಗುಂಪು ಮಾಡಿದರು, ಅದು ರೂಢಿ ಆದ ಮ್ಯಾಲೆ 7, ಆಮ್ಯಾಲೆ 4. 16 ಗುಂಪು ಎರಡೆರಡು ಸಲ ಅಂದರ 25 ನಿಮಿಷ. ಇದನ್ನ ಹಗಲಿನಾಗ ಕಲೀರಿ, ಮಧ್ಯಾಹ್ನ ಇಲ್ಲಾ ಸಂಜಿಗೆ, ಎರಡು ವಾರ. ರಾತ್ರಿ ಹಾಸಿಗಿಯೊಳಗ 7 ಸಾಕು: ಬಲಗೈ ಪೂರ್ತಿ, ಎಡಗೈ ಪೂರ್ತಿ, ಮುಖ, ಕುತ್ತಿಗಿ, ಭುಜದಿಂದ ಹೊಟ್ಟಿ ತನಕ, ಬಲಗಾಲು, ಎಡಗಾಲು. ಎರಡೆರಡು ಸಲಕ್ಕ 11 ನಿಮಿಷ. ಮುಖ ಅಂದರ ಹುಬ್ಬು ಮ್ಯಾಲೆತ್ತಿ, ಕಣ್ಣು ಮುಚ್ಚಿ ಮೂಗು ಸುಕ್ಕು ಮಾಡಿ, ತುಟಿ ಹಿಂದಕ್ಕ ಎಳೆಯೋದು. ಹಲ್ಲು ಕಚ್ಚಿ ಒತ್ತಬ್ಯಾಡ್ರಿ, ರಾತ್ರಿ ಹಲ್ಲು ಕಡಿಯೋ ರೂಢಿ ಇದ್ದವರಂತೂ ಮೊದಲ ಮಾಡಬ್ಯಾಡ್ರಿ.

ಹಗಲು ಕಲಿಯೋದು ಯಾಕಂದರ, ನಿದ್ದಿ ಬರಲೇಬೇಕು ಅನ್ನೋ ಹೊತ್ತಿನಾಗ ಕಲಿಯೋಕ ಹೋದರ ಪ್ರತಿ ಗುಂಪು ಮುಗಿದ ಕೂಡಲೇ "ಬಂತಾ, ಬಂತಾ" ಅಂತ ಮನಸ್ಸು ಇಣುಕತದ. ಆ ಇಣುಕೋದ ಎಚ್ಚರ.

ಶವಾಸನ_ಟೀಚರ್
ಈಗ ಯೋಗನಿದ್ರೆ. ತರಗತಿಯ ಪೂರ್ಣ ಕ್ರಮದಲ್ಲಿ ತಯಾರಿ, ಸಂಕಲ್ಪ, ಅಂಗಾಂಗಗಳ ಮೇಲೆ ಪ್ರಜ್ಞೆ ಸುತ್ತಿಸುವುದು, ಉಸಿರು, ಭಾರ-ಹಗುರ ಮತ್ತು ಬಿಸಿ-ತಂಪು ಅನ್ನುವ ವಿರುದ್ಧ ಅನುಭವಗಳು, ಚಿತ್ರಗಳು, ಮತ್ತೆ ಸಂಕಲ್ಪ, ಎಚ್ಚರ. ರಾತ್ರಿಗೆ ಇದರಲ್ಲಿ ಅಂಗಸುತ್ತು ಮತ್ತು ಉಸಿರು ಸಾಕು. ಒಂದರ ಹಿಂದೆ ಒಂದು ಸರಸರ ಚಿತ್ರ ತೋರಿಸುವ ಭಾಗ ನನ್ನ ಅನಿಸಿಕೆಯಲ್ಲಿ ಮಲಗುವವರಿಗೆ ಕೆಡುಕು, ಮನಸ್ಸು ಹೊಸ ಚಿತ್ರಕ್ಕೆ ಕಾಯುತ್ತಾ ಕೂರುತ್ತದೆ.

ಸುತ್ತಿನ ಕ್ರಮ ಇದು, ಬಾಯಿಪಾಠ ಮಾಡಿಕೊಳ್ಳಿ. ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು, ಅಂಗೈ, ಅಂಗೈ ಹಿಂಭಾಗ, ಮಣಿಕಟ್ಟು, ಮುಂಗೈ, ಮೊಣಕೈ, ತೋಳು, ಭುಜ, ಕಂಕುಳು, ಸೊಂಟ, ಸೊಂಟದ ಕೀಲು, ತೊಡೆ, ಮಂಡಿ, ಮೀನಖಂಡ, ಪಾದದ ಗಂಟು, ಹಿಮ್ಮಡಿ, ಅಂಗಾಲು, ಪಾದದ ಮೇಲ್ಭಾಗ, ಆಮೇಲೆ ಕಾಲಿನ ಐದು ಬೆರಳು. ಬಲಗಡೆ 27 ಜಾಗ. ಅದೇ ಎಡಗಡೆ. ಬಳಿಕ ಬೆನ್ನು ಕೆಳಗಿನಿಂದ ಮೇಲಕ್ಕೆ, ನೆತ್ತಿಯಿಂದ ಮುಖ, ಎದೆ, ಹೊಟ್ಟೆ. ಒಂದೊಂದಕ್ಕೆ ಎರಡು ಸೆಕೆಂಡು. ಒಂದು ಸುತ್ತು ಮೂರು ನಿಮಿಷದ ಆಸುಪಾಸು.

ವೇಗ ಮುಖ್ಯ. ಒಂದೇ ಜಾಗದಲ್ಲಿ ಹತ್ತು ಸೆಕೆಂಡು ನಿಂತರೆ ಮನಸ್ಸು ಕಚೇರಿಗೆ ಹೋಗಿ ಬರುತ್ತದೆ. ಅವಸರ ಮಾಡಿದರೆ ಹೆಸರು ಮಾತ್ರ ಓಡುತ್ತದೆ, ಜಾಗ ತಿಳಿಯುವುದಿಲ್ಲ. ಅಲ್ಲಿ ಏನೋ ಅನುಭವ ಆಗಲೇಬೇಕೆಂದು ಹುಡುಕಬೇಡಿ. ಮೊಣಕೈ ಅಂದಾಗ ಮೊಣಕೈ ಕಡೆ ಗಮನ ಹೋದರೆ ಕೆಲಸ ಆಯಿತು. ಮಧ್ಯೆ ಎಲ್ಲಿದ್ದೆ ಅಂತ ಮರೆತರೆ ಹಿಂದೆ ಹೋಗಿ ಹುಡುಕಬೇಡಿ, ಬಲ ಹೆಬ್ಬೆರಳಿನಿಂದ ಮತ್ತೆ ಶುರು. ರಾತ್ರಿ ಹೊತ್ತು ಮರೆಯುವುದು ಒಳ್ಳೆಯ ಲಕ್ಷಣವೇ.

ಸುತ್ತು ಎರಡಾದ ಮೇಲೆ ಹೊಕ್ಕುಳಿನ ಏರಿಳಿತ ನೋಡುತ್ತಾ ಉಸಿರನ್ನು 27ರಿಂದ ಹಿಂದಕ್ಕೆ ಎಣಿಸಿ. ಉಸಿರನ್ನು ಉದ್ದ ಮಾಡಬೇಡಿ, ಬಂದಂತೆ ಬರಲಿ.

ಎಣಿಕೆ_ಬೇಡ
ಉಸಿರು ಎಣಿಸೋಕೆ ಶುರು ಮಾಡಿದರೆ ನನಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ, ಎದೆ ಹೊಡ್ಕೊಳ್ಳುತ್ತೆ. ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟಷ್ಟೂ ಗಾಬರಿ ಹೆಚ್ಚು. ಇದು ನನಗೊಬ್ಬಳಿಗೇನಾ?

ಫಿಸಿಯೋ_ಗದಗ
ನಿಮಗೊಬ್ಬರಿಗೆ ಅಲ್ಲ ತಂಗಿ. ಕೆಲವರಿಗೆ ಸಡಿಲ ಆಗೋದ ಹೆದರಿಕಿ ತರ್ತದ, ಕೈ ಬಿಟ್ಟು ಹೋದಂಗ ಅನಸ್ತದ. ನಿಮಗ ಪಿಎಂಆರ್ ಹೊಂದತದ, ಅದರೊಳಗ ಮಾಡೋಕ ಏನಾದರೂ ಕೆಲಸ ಇರ್ತದ, ಬಿಗಿ ಹಿಡಿಯೋದು ನಿಮ್ಮ ಕೈಯಾಗೇ ಇರ್ತದ. ಕಣ್ಣು ಅರ್ಧ ತೆಗದಿರಲಿ, ಸಣ್ಣ ದೀಪ ಇರಲಿ, ಎರಡು ಕೈ ಮಾತ್ರ ಮಾಡಿ ನಿಲ್ಲಸ್ರಿ. ಉಸಿರಿನ ತಂಟಿಗೆ ಹೋಗಬ್ಯಾಡ್ರಿ. ಹಗಲೂ ಹಂಗ ಎದಿ ಹೊಡಕೊಂಡರ ಡಾಕ್ಟರ್‌ಗೆ ತೋರಸ್ರಿ.

ಶವಾಸನ_ಟೀಚರ್
ಒಪ್ಪುತ್ತೇನೆ. ಯೋಗನಿದ್ರೆಯೇ ಬೇಕೆಂದರೆ ಉಸಿರು ಬಿಟ್ಟು ಅಂಗಸುತ್ತು ಮಾತ್ರ ಮಾಡಿ, ಅದೂ ಅಂಗಾತವಲ್ಲ, ಪಕ್ಕಕ್ಕೆ ಮಲಗಿ. ಹೊಟ್ಟೆ, ಎದೆ ತೆರೆದುಕೊಂಡು ಮಲಗಿದರೇ ಕೆಲವರಿಗೆ ಅಸುರಕ್ಷಿತ ಅನಿಸುತ್ತದೆ.

ಮಲಗೋ_ಭಂಗಿ
ಪಕ್ಕಕ್ಕೆ ಮಾಡಬಹುದಾ? ಶವಾಸನವೇ ಆಗಬೇಕು ಅಂದುಕೊಂಡಿದ್ದೆ. ಅಂಗಾತ ಮಲಗಿದರೆ ನನಗೆ ಗೊರಕೆ, ಸೊಂಟವೂ ಹಿಡಿಯುತ್ತೆ.

ಶವಾಸನ_ಟೀಚರ್
ಹಗಲಿಗೆ ಶವಾಸನ: ಕಾಲುಗಳ ನಡುವೆ ಒಂದು ಅಡಿ, ಅಂಗೈ ಮೇಲೆ, ತೆಳು ದಿಂಬು. ಸೊಂಟ ನೆಲದಿಂದ ಎದ್ದು ನೋಯುತ್ತಿದ್ದರೆ ಮಂಡಿಯ ಕೆಳಗೆ ಒಂದು ದಿಂಬು ಇಡಿ, ಸೊಂಟದ ಕೆಳಗಲ್ಲ. ಅದನ್ನೇ ತುಂಬ ಜನ ಉಲ್ಟಾ ಮಾಡುತ್ತಾರೆ. ರಾತ್ರಿ ಮಾತ್ರ ನೀವು ನಿಜವಾಗಿ ನಿದ್ದೆ ಮಾಡುವ ಮಗ್ಗುಲಲ್ಲೇ ಮಾಡಿ. ಅಂಗಾತ ಮಾಡಿ ಆಮೇಲೆ ತಿರುಗಿದರೆ ಕಟ್ಟಿದ್ದೆಲ್ಲ ಕದಡುತ್ತದೆ. ಬಸುರಿಯರು ಕೊನೆಯ ತಿಂಗಳುಗಳಲ್ಲಿ, ಹುಳಿತೇಗು ಇರುವವರು, ಗೊರಕೆಯವರು ಎಡ ಮಗ್ಗುಲು. ಗೊರಕೆ ನಡುವೆ ಉಸಿರು ನಿಂತು ದಿಗ್ಗನೆ ಏಳುತ್ತಿದ್ದರೆ ಅದು ಯೋಗನಿದ್ರೆಯಿಂದ ಹೋಗುವುದಲ್ಲ, ವೈದ್ಯರ ಬಳಿ ಪರೀಕ್ಷೆ ಆಗಬೇಕು. ಚಾದರ ಮೊದಲೇ ಹೊದ್ದುಕೊಳ್ಳಿ, ಅರ್ಧಕ್ಕೆ ಚಳಿಯಾಗಿ ಎಳೆದುಕೊಳ್ಳಲು ಏಳುವಂತಾಗಬಾರದು.

ನಿದ್ದೆಗೆ_ಅರ್ಜಿ
ನನ್ನ ಮೂಲ ಪ್ರಶ್ನೆ ಉಳಿದಿದೆ. ಎರಡರಲ್ಲಿ ಒಂದು ಹೇಳಿ ಅಂದರೆ? ಎರಡನ್ನೂ ಸೇರಿಸಬಹುದಾ? ದಿನವಿಡೀ ಕಂಪ್ಯೂಟರ್ ಮುಂದೆ, ಭುಜ ಕಲ್ಲು. ಮಲಗಿದ ಮೇಲೆ ನಾಳಿನ ಮೀಟಿಂಗೂ ತಲೆಯಲ್ಲಿ ಓಡುತ್ತೆ.

ಫಿಸಿಯೋ_ಗದಗ
ನಿಮ್ಮದು ಎರಡೂ ಅದ, ಮೈ ಬಿಗಿಯೂ ಮನಸ್ಸಿನ ಓಟವೂ. ಹಿಂಗ ಮಾಡ್ರಿ. ಮೊದಲ ಎರಡು ವಾರ ಸಂಜಿ 6ಕ್ಕ 16 ಗುಂಪು, ಚಾಪಿ ಮ್ಯಾಲ, ಹಾಸಿಗಿ ಮ್ಯಾಲಲ್ಲ. ರಾತ್ರಿ 10:45ಕ್ಕ ಲೈಟ್ ಆರಿಸಿ, ಅಷ್ಟೂ ಏಳು ಗುಂಪು ಬ್ಯಾಡ, ನಿಮಗ ಬಿಗಿ ಇದ್ದದ್ದು ಭುಜ, ಮುಖ, ಕೈ. ಅವು ಮೂರು, ಎರಡೆರಡು ಸಲ, ಐದು ನಿಮಿಷದೊಳಗ ಮುಗೀತದ. ಕಾಲು ಸದ್ಯಕ್ಕ ಬಿಡ್ರಿ. ಆಮ್ಯಾಲೆ ಮಗ್ಗುಲಾಗಿ ಟೀಚರ್ ಹೇಳಿದ ಸುತ್ತು ಎರಡು, ಆರು ನಿಮಿಷ. ಉಸಿರೆಣಿಕಿ ಹೊಂದಿದರ ಮಾಡ್ರಿ. ಸುಮಾರು 20 ನಿಮಿಷ ಆದಂಗ ಅನಿಸಿ ಇನ್ನೂ ಕಣ್ಣು ಪಿಳಿಪಿಳಿ ಅಂದರ ಎದ್ದು ಬ್ಯಾರೆ ಖೋಲಿಯೊಳಗ ಮಂದ ಬೆಳಕಿನಾಗ ಕೂಡ್ರಿ, ತೂಕಡಿಕಿ ಬಂದ ಮ್ಯಾಲೆ ಹಾಸಿಗಿಗೆ ಬರ್ರಿ. ಗಡಿಯಾರ ನೋಡಬ್ಯಾಡ್ರಿ, ಅಂದಾಜು ಸಾಕು. ವಾರಕ್ಕ ಮೂರು ರಾತ್ರಿ ಇಲ್ಲಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಂದ ಹಿಂಗ ಇದ್ದರ ಇದಿಷ್ಟರ ಮ್ಯಾಲೆ ನಿಲ್ಲಬ್ಯಾಡ್ರಿ, ನಿದ್ದಿ ನೋಡೋ ಡಾಕ್ಟರ್ ಕಡೆ ಹೋಗ್ರಿ.

ಶವಾಸನ_ಟೀಚರ್
ಈ ಬೆರಕೆಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಬಿಗಿ ಮಾಡುವುದು ಪ್ರಯತ್ನ, ಯೋಗನಿದ್ರೆಯಲ್ಲಿ ಪ್ರಯತ್ನವನ್ನೇ ಬಿಡುವುದು. ಐದು ನಿಮಿಷ ಒಂದು ರೀತಿ ಕಲಿಸಿ ಆರನೇ ನಿಮಿಷಕ್ಕೆ ಇನ್ನೊಂದು ಅಂದರೆ ಕೆಲವರು ಸುತ್ತಿನಲ್ಲೂ ಒಳಗೊಳಗೇ ಸ್ನಾಯು ಬಿಗಿ ಮಾಡುತ್ತಿರುತ್ತಾರೆ. ನಾನಾದರೆ ಪಿಎಂಆರ್ ಸಂಜೆಗೆ, ರಾತ್ರಿಗೆ ಸುತ್ತು ಮಾತ್ರ ಅನ್ನುತ್ತೇನೆ. ಸಂಕಲ್ಪವೂ ರಾತ್ರಿ ಬೇಡ ಅನ್ನುವವಳು ನಾನು, "ನನಗೆ ಒಳ್ಳೆ ನಿದ್ದೆ ಬರುತ್ತದೆ" ಅನ್ನುವ ಸಂಕಲ್ಪ ಪರೀಕ್ಷೆಯ ಹಾಗೆ ಕುತ್ತಿಗೆಗೆ ಕೂರುತ್ತದೆ.

ಸುಬ್ಬಣ್ಣ_ಪುತ್ತೂರು
ಸಂಕಲ್ಪ ಇಲ್ಲದ ಯೋಗನಿದ್ರೆಯನ್ನು ಯೋಗನಿದ್ರೆ ಅನ್ನಬಾರದು. ಬೇರೆ ಹೆಸರಿಡಿ.

ಫಿಸಿಯೋ_ಗದಗ
ಹೆಸರು ನೀವಿಡ್ರಿ ಸುಬ್ಬಣ್ಣಾರ. ಭುಜ ಕಲ್ಲಾಗಿ ಮಲಗಿದವರಿಗೆ ಬರೇ "ಭುಜ" ಅಂತ ಗಮನ ಇಡು ಅಂದರ ನೋವಷ್ಟ ಕಾಣಸ್ತದ. ನಾ ನನ್ನ ಮಾತಿಗೆ ನಿಲ್ತೀನಿ.

ನಿದ್ದೆಗೆ_ಅರ್ಜಿ
ಎರಡನ್ನೂ ಒಂದೊಂದು ವಾರ ನೋಡ್ತೀನಿ. ಆಡಿಯೊ ಬಿಟ್ಟು ನನ್ನ ಧ್ವನಿಯಲ್ಲೇ ಸುತ್ತನ್ನು ರೆಕಾರ್ಡ್ ಮಾಡಿದೆ, ಕೊನೆಯಲ್ಲಿ ಏನೂ ಹೇಳದೆ ಹಾಗೇ ನಿಲ್ಲಿಸಿದ್ದೀನಿ. ಆದರೆ ಬಲಗಡೆಯ 27 ಜಾಗ 31 ಸೆಕೆಂಡಿಗೇ ಮುಗಿದುಹೋಯಿತು. ಮತ್ತೆ ಕೇಳಿದರೆ ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ತರ ಇದೆ.

ಶವಾಸನ_ಟೀಚರ್
ಎಲ್ಲರೂ ಮೊದಲ ಸಲ ಹಾಗೇ ಓದುತ್ತಾರೆ. ಒಂದು ಹೆಸರು ಬಾಯಲ್ಲಿ ಹೇಳಿ, ಅದನ್ನೇ ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡು ಆಮೇಲೆ ಮುಂದಿನದಕ್ಕೆ ಹೋಗಿ, ಎರಡು ಸೆಕೆಂಡು ತಾನಾಗಿ ಬರುತ್ತದೆ. ಧ್ವನಿ ವಾಕ್ಯದ ಕೊನೆಯಲ್ಲಿ ಮೇಲೇಳದಿರಲಿ. ಮೊಬೈಲನ್ನು ಮೇಲುಮುಖವಾಗಿ ಇಡಬೇಡಿ, ಒಂದು ಮುಗಿದ ಮೇಲೆ ತಾನಾಗಿ ಇನ್ನೊಂದು ಶುರುವಾಗುವ ಸೆಟ್ಟಿಂಗ್ ಆಫ್ ಮಾಡಿ. ಹತ್ತು ದಿನ ಕೇಳಿದರೆ ಕ್ರಮ ಬಾಯಿಗೆ ಬರುತ್ತದೆ, ಆಮೇಲೆ ರೆಕಾರ್ಡಿಂಗೂ ಬೇಡ.